ಗಾಲಿಯ ಅಂಚಿನ ತುಕ್ಕು

ಆಗ ನಾನು ಅಂಬಿಕಾನಗರದ ಕ್ವಾರ್ಟರ್ಸಿನಲ್ಲಿದ್ದೆ. ನಾನು ಆರೋಗ್ಯ ಉಪಕೇಂದ್ರದ ನರ್ಸ್. ಸುತ್ತಲಿನ ಹಳ್ಳಿಗಳಿಗೆ ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ. ಹಾಗಾಗಿ ಲಸಿಕೆಯ ಡಬ್ಬಿಯನ್ನು ಕಾಲ ಬಳಿ ಇಟ್ಟುಕೊಂಡು ಸ್ಕೂಟರಿನಲ್ಲೇ ಓಡಾಡುತ್ತಿದ್ದೆ.

ಆ ವರ್ಷದ ಮಳೆ ಮುಗಿಯುವ ಹೊತ್ತಿಗೆ ಹಿಂದಿನ ಟಯರಿನ ಕಾಟ ಶುರುವಾಯಿತು. ಟ್ಯೂಬ್‌ಲೆಸ್ ಟಯರು. ಗಾಳಿ ತುಂಬಿಸಿದ ದಿನ ಗಟ್ಟಿ. ಮೂರು ನಾಲ್ಕು ದಿನಕ್ಕೆ ಮೆತ್ತಗೆ. ದಾಂಡೇಲಿಯ ಪಂಕ್ಚರ್ ಅಂಗಡಿಯವನು ಮೇಲ್ಮೈಗೆಲ್ಲ ಸೋಪಿನ ನೀರು ಸವರಿ ನೋಡಿದ. ಮೊಳೆಯಿಲ್ಲ, ಗುಳ್ಳೆಯಿಲ್ಲ. "ಯಾರರೆ ಗಾಳಿ ಬಿಡಾಕತ್ತಾರೇನೋ ನೋಡ್ರಿ" ಎಂದು ನಕ್ಕ.

ಅವನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಪಕ್ಕದ ಮನೆಯ ಯಜಮಾನರು ಕಾಲೋನಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದರು. ಮಾತು ಕಡಿಮೆ. ಮೆಟ್ಟಿಲ ಕೆಳಗೆ ನನ್ನ ಸ್ಕೂಟರ್ ನಿಂತರೆ ಅವರ ಸೈಕಲ್ಲಿಗೆ ದಾರಿ ಇರುತ್ತಿರಲಿಲ್ಲ. ಅದಕ್ಕಾಗಿ ಒಮ್ಮೆ ನಮ್ಮಿಬ್ಬರ ನಡುವೆ ಜಟಾಪಟಿ ಆಗಿತ್ತು.

ಒಂದು ಬೆಳಗ್ಗೆ ಹಾಲು ತರಲು ಇಳಿದೆ. ಅವರು ನನ್ನ ಸ್ಕೂಟರಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಕೈ ವಾಲ್ವಿನ ಮೇಲಿತ್ತು. 'ಸುಸ್' ಎಂಬ ಸದ್ದು ಸ್ಪಷ್ಟವಾಗಿ ಕೇಳಿತು.

"ನಾಚಿಕಿ ಆಗೂದಿಲ್ಲೇನ್ರಿ ನಿಮಗ? ನಾ ಕಾಡಿನ ದಾರ್‍ಯಾಗ ಒಬ್ಬಾಕಿ ಹೋಗ್ತೇನಿ ಅನ್ನೂದು ಗೊತ್ತಿಲ್ಲೇನು?" ಎಂದು ಕೂಗಿದೆ.

"ಅಲ್ರಿ ಸಿಸ್ಟರ್, ನಾ..." ಎಂದು ಅವರು ಎದ್ದು ನಿಂತರು.

ನಾನು ಮುಂದೆ ಕೇಳಲೇ ಇಲ್ಲ. ಮೇಲಿನ ಮನೆಯವರು ಬಾಗಿಲು ತೆರೆದು ನೋಡುತ್ತಿದ್ದರು. ಪಕ್ಕದ ಮನೆಯವರು ತಲೆ ತಗ್ಗಿಸಿ ಒಳಗೆ ಹೋದರು. ಅಂದಿನಿಂದ ನಾನು ಬರುವುದು ಕಂಡರೆ ಬಾಗಿಲು ಮುಂದೆ ಮಾಡುತ್ತಿದ್ದರು. ನನಗೆ ಗೆದ್ದ ಸಮಾಧಾನ.

ಅದಾದ ಮೇಲೆ ರಜೆ ಹಾಕಿ ಹಳಿಯಾಳಕ್ಕೆ, ಅಕ್ಕನ ಮನೆಗೆ ಹೋದೆ. ಗಾಳಿ ತುಂಬಿಸಿಕೊಂಡೇ ಹೋಗಿ, ಸ್ಕೂಟರನ್ನು ಪಡಸಾಲೆಯೊಳಗೆ ನಿಲ್ಲಿಸಿ ಬಾಗಿಲು ಹಾಕಿದೆ. ನಾಲ್ಕನೆಯ ದಿನ ಹೊರಡಲು ನೋಡಿದರೆ ಟಯರು ಮತ್ತೆ ಮೆತ್ತಗೆ. ಮನೆಯಲ್ಲಿದ್ದವರು ನಾನು ಮತ್ತು ಅಕ್ಕ ಇಬ್ಬರೇ. ಸ್ಕೂಟರನ್ನು ತಳ್ಳಿಕೊಂಡೇ ಅಂಗಡಿಗೆ ಹೋದೆ.

ಹಳಿಯಾಳದ ಟಯರ್ ಅಂಗಡಿಯಾತ ಸಿದ್ದಿ ಸಮಾಜದವರು, ನನಗಿಂತ ಹಿರಿಯರು. ಅವಸರವೇ ಇಲ್ಲದ ಮನುಷ್ಯ. ಮೊದಲು ವಾಲ್ವಿನ ಬಾಯಿಗೆ ಸೋಪಿನ ನೀರು ಬಿಟ್ಟು ಕಾದರು. ಗುಳ್ಳೆ ಬರಲಿಲ್ಲ. ಅದರ ರಬ್ಬರನ್ನು ಬುಡದಲ್ಲಿ ಬಾಗಿಸಿ ಬಿರುಕು ಹುಡುಕಿದರು; ಅದೂ ಇರಲಿಲ್ಲ. ಆಮೇಲೆ ಗಾಲಿ ಬಿಚ್ಚಿ, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಸುಮ್ಮನೆ ಹಿಡಿದುಕೊಂಡರು.

"ಇಲ್ಲಿ ನೋಡ್ರಿ ಅಕ್ಕಾರ."

ಟಯರಿನ ಅಂಚು ರಿಮ್ಮಿಗೆ ಕೂಡುವಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಗಾಳಿ ಪೂರ್ತಿ ಬಿಟ್ಟು, ಟಯರನ್ನು ರಿಮ್ಮಿನಿಂದ ಕಳಚಿ ತೋರಿಸಿದರು. ರಿಮ್ಮಿನ ಅಂಚಿನಲ್ಲಿ ಬಣ್ಣ ಉಬ್ಬಿ, ಕೆಳಗೆ ಕಂದು ತುಕ್ಕು ಪದರುಪದರಾಗಿ ಎದ್ದಿತ್ತು.

"ಈ ಟಯರಿನ್ಯಾಗ ಟ್ಯೂಬ್ ಇರೂದಿಲ್ಲ. ಅಂಚು ರಿಮ್ಮಿಗೆ ಬಿಗಿಯಾಗಿ ಕುಂತ್ರಷ್ಟ ಗಾಳಿ ನಿಲ್ತೈತಿ. ಕೆಸರು, ಮಳಿ ಎಲ್ಲಾ ಹೊಕ್ಕು ತುಕ್ಕು ಹಿಡದೈತಿ. ಅದರ ಸಂದ್ಯಾಗಿಂದ ಹೊಂಟೈತಿ" ಎಂದರು.

"ಅಂದ್ರ ಯಾರೂ ಬಿಟ್ಟಿಲ್ಲೇನ್ರಿ?"

"ಯಾರ್ ಬಿಡ್ತಾರ್ರಿ! ತಾನ ಹೋಗ್ತೈತಿ."

ತುಕ್ಕನ್ನು ತಂತಿಬ್ರಷ್ಷಿನಿಂದ ಕೆರೆದು, ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿದರು. ಲೋಹ ಅಷ್ಟೊಂದು ತಿಂದುಹೋಗಿರಲಿಲ್ಲ. ಹೋಗಿದ್ದರೆ ರಿಮ್ಮನ್ನೇ ಬದಲಿಸಬೇಕಿತ್ತಂತೆ. ಬಣ್ಣ ಹೊಡೆದು ಒಣಗಲು ಮರುದಿನದವರೆಗೆ ಇಟ್ಟುಕೊಂಡರು. ಟಯರು ಕಳಚಿದ್ದಾಗಲೇ ಆಗಲೆಂದು ವಾಲ್ವನ್ನೂ ಹೊಸದು ಹಾಕಿದರು. ಅಂಚಿಗೆ ಅಂಟಿನಂಥದ್ದನ್ನು ಸವರಿ ಗಾಳಿ ಹೊಡೆದಾಗ ಟಯರು 'ಟಪ್' ಎಂದು ಎರಡೂ ಕಡೆ ಕೂತಿತು. ಮತ್ತೆ ನೀರಿನಲ್ಲಿ ಮುಳುಗಿಸಿದರು. ಒಂದೂ ಗುಳ್ಳೆ ಏಳಲಿಲ್ಲ.

ಅಂಬಿಕಾನಗರಕ್ಕೆ ಬಂದವಳೇ ಪಕ್ಕದ ಮನೆಯ ಬಾಗಿಲು ಬಡಿದೆ. ಅವರ ಹೆಂಡತಿ ತೆರೆದರು. ಆಕೆಯ ಹಿಂದೆ ಗೋಡೆಗೆ ಸೈಕಲ್ ಪಂಪು ಒರಗಿತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಆಕೆ ನೋಡಿದರು.

"ಆ ವಾರ ನಮ್ಮ ಮನಿಯವರು ದಿನಾ ಮುಂಜಾನೆ ಎದ್ದು ನಿಮ್ಮ ಗಾಲಿ ಒತ್ತಿ ನೋಡ್ತಿದ್ರು. ಕಮ್ಮಿ ಇದ್ರ ಗಾಳಿ ಹಾಕ್ತಿದ್ರು. ಪಂಪು ತಗಿಯೂವಾಗ ಸದ್ದಾಗ್ತೈತಿ, ಅದನ್ನ ನೀವು ಕೇಳೀರಿ. 'ಕೂಸುಗಳಿಗೆ ಸೂಜಿ ಹಾಕಾಕ ಹೋಗಾಕಿ, ದಾರ್‍ಯಾಗ ನಿಂತ್ರ ಹೆಂಗ' ಅಂತಿದ್ರು."

ಆ ಬೆಳಗಿನ ಮಬ್ಬಿನಲ್ಲಿ ಸ್ಕೂಟರಿನ ಆಚೆಗೆ ಪಂಪು ಇದ್ದದ್ದು ನನಗೆ ಕಂಡಿರಲಿಲ್ಲ. ಕಂಡಿದ್ದರೂ ಕೇಳುವ ಮನಸ್ಸು ನನಗಿತ್ತೇ, ಹೇಳಲಾರೆ.

ಅವರು ಒಳಗಿಂದ ಬಂದರು. "ಅಣ್ಣಾರ, ತಪ್ಪಾತ್ರಿ. ನಾಲ್ಕು ಮಂದಿ ಮುಂದ ನಿಮ್ಮನ್ನ ಅಂದೇನಿ" ಎಂದೆ.

"ಬ್ಯಾಸರ ಆಗಿತ್ರಿ," ಎಂದರು ಅವರು, "ಸುಳ್ಳ ಯಾಕ ಹೇಳ್ಲಿ." ಆಮೇಲೆ ಕೇಳಿದರು, "ಏನಾಗಿತ್ತಂತ?"

ತುಕ್ಕಿನ ಕತೆಯನ್ನು ಪೂರ್ತಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಮರುದಿನ ಮೇಲಿನ ಮನೆಗೂ ಹತ್ತಿ ಹೋಗಿ, ತಪ್ಪು ನನ್ನದೆಂದು ಹೇಳಿ ಬಂದೆ. ಮೆಟ್ಟಿಲು ಹತ್ತುವಾಗ ಕಾಲುಗಳು ಭಾರವಾಗಿದ್ದವು, ಇಳಿಯುವಾಗ ಅಷ್ಟಿರಲಿಲ್ಲ.