ಗೌಸಸಾಬನ ಪಾಂಪ್ಲೆಟ್ಟು ಗಿರಣಿಗೆ ದಾರಿ ತೋರಿಸಿದ್ದು

ಹಾರೂಗೇರಿಯ ಗೌಸಸಾಬ ಅರ್ಧ ಆಯುಷ್ಯವನ್ನು ಬಾಪುಸಾಹೇಬರ ಟೇಲರ್ ಅಂಗಡಿಯಲ್ಲಿ ಗಂಡಸರ ಪ್ಯಾಂಟುಗಳಿಗೆ ಧಾರೆ ಎರೆದ ವೀರ. ಅಂಥವನು ಒಂದು ದಿನ ಮಷೀನಿನಿಂದೆದ್ದು, ಹೆಂಡತಿ ಹುಸೇನಬಿಯ ಜೊತೆ ಒಳ ಓಣಿಯೊಂದರಲ್ಲಿ ಸ್ವಂತ ಲೇಡೀಸ್ ಟೇಲರ್ ಅಂಗಡಿ ತೆಗೆಯುವುದಾಗಿ ಸಾರಿಬಿಟ್ಟ.

ಬಾಪುಸಾಹೇಬರು ಮೀಸೆಯಲ್ಲೇ ನಕ್ಕರು. “ತಗೀಪಾ, ತಗಿ. ಆದ್ರ ಆ ಓಣ್ಯಾಗ ನಾಯಿನೂ ಹೊಳ್ಳಿ ನೋಡಂಗಿಲ್ಲ. ಮೊದಲನೇ ದಿನ ಸಂಜಿತನಕ ಒಂದ ಗಿರಾಕಿ ಬರಲಿಲ್ಲಂದ್ರ, ಮರುದಿನ ಬಂದು ನನ್ನ ಮಷೀನಿಗೆ ಕೂಡಬೇಕು.”

“ಹೂನ್ರಿ, ಕೂಡ್ತೇನ್ರಿ” ಎಂದು ಗೌಸಸಾಬ ಎಲ್ಲರೆದುರು ಒಪ್ಪಿಕೊಂಡ. ಮಾತು ಬಾಯಿಂದ ಹೊರಬಿದ್ದ ಮೇಲೆ ಅದನ್ನು ಬಿಚ್ಚಿ ಮತ್ತೆ ಹೊಲಿಯುವಂತಿರಲಿಲ್ಲ.

ಓಣಿಯ ಅಂಗಡಿಗೆ ಉಳಿದದ್ದು ಒಂದೇ ಅಸ್ತ್ರ: ಪಾಂಪ್ಲೆಟ್. ಅವನು ಚಿಕ್ಕೋಡಿಯ ಬಸ್ಸು ಹತ್ತಿ ಪ್ರೆಸ್ಸಿನ ಸುಧೀರನ ಕಂಪ್ಯೂಟರಿನ ಮುಂದೆ ಕೂತ. ಸುಧೀರ ಹಾರೂಗೇರಿಯನ್ನು ಬಸ್ಸಿನ ಕಿಟಕಿಯಿಂದ ಮಾತ್ರ ಕಂಡವನು.

“ಅಂಗಡಿ ಹೆಸರು ದೊಡ್ಡದ ಹಾಕು, ಆಫರೂ ದೊಡ್ಡದ ಹಾಕು, ಫೋನ್ ನಂಬರೂ ದೊಡ್ಡದ ಹಾಕು” ಎಂದ ಗೌಸಸಾಬ.

“ಚಾಚಾ, ಎಲ್ಲಾರೂ ಒಮ್ಮೆ ಕೂಗಿದ್ರ ಯಾರ ಮಾತೂ ಕೇಳಂಗಿಲ್ಲ. ಮ್ಯಾಲೆ ಹೆಸರು ದಪ್ಪಗ. ನಡುವ ಚೌಕದಾಗ ಆಫರ್. ಕೆಳಗ ನಕಾಶಿ, ಅದರ ಬಾಜೂಕ ವಿಳಾಸ, ಫೋನು. ಸುತ್ತಲೂ ಜಾಗಾ ಖಾಲಿ ಬಿಡೂಣು.”

“ಖಾಲಿ ಯಾಕ ಬಿಡ್ತಿ? ಕಾಗದಕ್ಕ ರೊಕ್ಕ ಕೊಡೂದಿಲ್ಲೇನು?”

“ಅಂಗಿಗೆ ಬಗಲಾಗ ಸಡಿಲ ಬಿಡ್ತೀರಿಲ್ರಿ, ಹಂಗ.”

ಗೌಸಸಾಬ ಕೂಡಲೇ ಶರಣಾದ. ಚೌಕದಲ್ಲಿ ಕೂತ ಮಾತು ಇಷ್ಟು: “ಎರಡು ಬ್ಲೌಸ್ ಹೊಲಿಸಿದರೆ ಒಂದು ಸೀರೆಗೆ ಫಾಲ್, ಪೀಕೋ ಉಚಿತ. ಮೊದಲ ಮೂರು ದಿನ ಮಾತ್ರ. ಈ ಕರಪತ್ರ ತರಬೇಕು.”

ಉಳಿದದ್ದು ನಕಾಶೆ. ಸುಧೀರ ಪೆನ್ನು ಕೊಟ್ಟರೆ ಗೌಸಸಾಬನ ಕೈ ಅದನ್ನು ಹಿಡಿಯಲೊಲ್ಲದು. ಚೀಲದಿಂದ ಅಸ್ತರಿನ ತುಂಡು ತೆಗೆದು, ಜೇಬಿನಲ್ಲಿದ್ದ ಗುರುತಿನ ಸೀಮೆಸುಣ್ಣದಿಂದ ಒಂದೇ ಉಸಿರಿಗೆ ಗೆರೆ ಎಳೆದ: ಕೆಳಗೆ ಬಸ್‌ಸ್ಟ್ಯಾಂಡು, ನೆಟ್ಟಗೆ ರಸ್ತೆ, ಬೇವಿನಮರ, ಅಲ್ಲಿಂದ ಹೊರಳು, ಅಂಗಡಿ. ಸುಧೀರ ಗೆರೆಗೆ ಗೆರೆ ಕೂಡಿಸಿ, ಹೇಳಿದ ಹೆಸರುಗಳನ್ನು ಟೈಪು ಮಾಡಿ, ಬಾಣ ಹಚ್ಚಿದ. ಪ್ರೂಫ್ ಕೈಗೆ ಬಂದಾಗ ಗೌಸಸಾಬ ಫೋನ್ ನಂಬರನ್ನು ಎರಡು ಸಲ ಓದಿದ. ನಕಾಶೆ ತಾನು ಎಳೆದಂತೆಯೇ ಇತ್ತು. ಇನ್ನೇನು ನೋಡುವುದು? ತೆಳ್ಳನೆಯ ಗುಲಾಬಿ ಕಾಗದದ ಒಂದೇ ಮಗ್ಗುಲಿಗೆ ಅಚ್ಚಾಯಿತು.

ಉದ್ಘಾಟನೆಯ ಬೆಳಿಗ್ಗೆ ಪೇಪರಿನೊಳಗೆ ಅಡಗಿ ಪಾಂಪ್ಲೆಟ್ ಮನೆಮನೆ ಹೊಕ್ಕಿತು. ಗೌಸಸಾಬ ಫಾತಿಹಾ ಓದಿಸಿ, ಪೇಡೆ ಹಂಚಿ, ಟೇಪು ಕೊರಳಿಗೆ ಹಾಕಿಕೊಂಡು ನಿಂತ. ಬಾಪುಸಾಹೇಬರು ಶುಭ ಹಾರೈಸಲು ಬಂದವರು ಬಾಗಿಲೆದುರು ಕುರ್ಚಿ ಹಾಕಿಸಿಕೊಂಡು ಕೂತೇಬಿಟ್ಟರು. ಮಧ್ಯಾಹ್ನವಾಯಿತು. ನೊಣ ಬಂದವು, ಅವಕ್ಕೆ ಬ್ಲೌಸ್ ಬೇಕಿರಲಿಲ್ಲ.

“ಚಾ ಛಲೋ ಆಗೇತಿ ಹುಸೇನಬಿ” ಎಂದರು ಬಾಪುಸಾಹೇಬರು. “ಇನ್ನೊಂದ ಕಪ್ ಕೊಡವಾ, ಸಂಜಿತನಕ ಕೂಡೂದೈತಿ.”

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಬಿಳಿ ಧೂಳೆದ್ದಿತು. ಮುಂದೆ ಹಿಟ್ಟಿನ ಗಿರಣಿಯ ಜಿನ್ನಪ್ಪ, ಹಿಂದೆ ಬ್ಲೌಸ್ ಪೀಸಿನ ಚೀಲ ಹಿಡಿದ ಹೆಂಗಸರ ದಂಡು. ಎಲ್ಲರ ಮೈಮೇಲೂ ಜೋಳದ ಹಿಟ್ಟು.

“ಏ ಗೌಸಸಾಬ, ಮುಂಜಾನಿಂದ ಇವ್ರೆಲ್ಲಾ ನನ್ನ ಗಿರಣಿಗೆ ಬಂದು ಅಳತಿ ತಗೋ ಅಂತಾರ. ನಾ ಏನ್ ಅಳೀಲಿ, ಸೇರಿಲೇ ಅಳೀಲೇನು?”

ಬೇಕರಿಯಲ್ಲಿ ಕೆಲಸ ಮಾಡುವ ಸುಂದ್ರವ್ವ ಗುಲಾಬಿ ಕಾಗದವನ್ನು ಗೌಸಸಾಬನ ಮೂಗಿಗೆ ಹಿಡಿದಳು. “ಬೇವಿನಗಿಡಕ್ಕ ಬಲಕ್ಕ ಹೊರಳ ಅಂತ ಬಾಣ ಹಾಕಿ ಗಿರಣಿಗೆ ಕಳಸಿ, ಅಂಗಡಿ ಎಡಕ್ಕ ತಗದೀಯಲ್ಲೋ.”

ಗೌಸಸಾಬ ಕಾಗದ ನೋಡಿದ. ನೋಡುತ್ತಲೇ ಹೊಳೆಯಿತು. ಟೇಲರ್ ಆದವನು ಬಟ್ಟೆಯ ಉಲ್ಟಾ ಬದಿಗೇ ಗುರುತು ಹಾಕುತ್ತಾನೆ. ತಿರುವಿದಾಗ ಬಲ ಎಡವಾಗುತ್ತದೆಂಬ ಲೆಕ್ಕ ಕೈಯಲ್ಲೇ ಇರುತ್ತದೆ. ಅವನ ಕೈ ಇಡೀ ಹಾರೂಗೇರಿಯನ್ನು ಒಳಬದಿಯಿಂದ ಕತ್ತರಿಸಿಬಿಟ್ಟಿತ್ತು.

ಆದರೆ ವೀರ ತಲೆ ತಗ್ಗಿಸಲಿಲ್ಲ. ಕಾಗದ ತಿರುವಿ ಬಿಸಿಲಿಗೆ ಹಿಡಿದ. ತೆಳ್ಳನೆಯ ಗುಲಾಬಿಯಲ್ಲಿ ಅಕ್ಷರಗಳು ಹಿಂದುಮುಂದಾದವು, ಬಾಣ ಮಾತ್ರ ಎಡಕ್ಕೆ ನಿಂತಿತು. “ಬರೋಬ್ಬರಿ ಐತಲ್ರಿ ಅಕ್ಕಾ. ನೀವು ಒಳಗಿನ ಬಾಜೂ ನೋಡೀರಿ.”

ಸುಂದ್ರವ್ವನಿಗೆ ನಗು ತಡೆಯಲಾಗದೆ ಮೈಮೇಲಿನ ಹಿಟ್ಟೆಲ್ಲ ಉದುರಿತು. “ನನ್ನ ಬ್ಲೌಸರೆ ಉಲ್ಟಾ ಬ್ಯಾಡ, ಸುಲ್ಟಾ ಹೊಲಿಯಪಾ” ಎನ್ನುತ್ತ ಅಳತೆಯ ಹಳೇ ಬ್ಲೌಸನ್ನು ಹುಸೇನಬಿಯ ಕೈಗಿಟ್ಟಳು. ಹಿಂದೆಯೇ ಉಳಿದ ಚೀಲಗಳೂ ಬಿಚ್ಚಿದವು. ಇಷ್ಟು ಅಲೆದು ಬಂದವರು ಬರಿಗೈಲಿ ಹೋಗುವುದುಂಟೆ?

ನೂಕಾಟದಲ್ಲಿ ಬಾಪುಸಾಹೇಬರ ಕುರ್ಚಿ ಓಣಿಯ ನಡುವಿಗೆ ಸರಿದಿತ್ತು. ಅವರು ಎದ್ದು ಚಹಾದ ಕಪ್ ಬದಿಗಿಟ್ಟರು, ಕೆಳಗೆ ಬಿದ್ದ ಒಂದು ಪಾಂಪ್ಲೆಟ್ ಎತ್ತಿಕೊಂಡರು, ಮಡಚಿ ಜೇಬಿಗಿಳಿಸುತ್ತ ಗೌಸಸಾಬನ ಕಿವಿಯ ಹತ್ತಿರ ಬಾಗಿದರು.

“ನಮ್ಮನ್ಯಾಗಿನಾಕಿವು ಎರಡ ಬ್ಲೌಸ್ ಅದಾವ. ನಾಳೆ ಕಳಸಿದ್ರ ಪೀಕೋ ಫುಕಟ್ ಆಕ್ಕೈತಿಲ್ಲೋ?”