ಶೇವಂತಾ ಮೌಶಿಯ ನೀಲಿ ದಾರ

ಮಿರಜ್‌ನ ನಮ್ಮ ಟ್ರಸ್ಟ್ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ಲೆಕ್ಕಪತ್ರದ ಕೆಲಸ ಮಾಡಿದ್ದೇನೆ. ಹಿತ್ತಲಿನ ಲಾಂಡ್ರಿಯೊಳಗೆ ಕಾಲಿಟ್ಟದ್ದು ಮಾತ್ರ ಹದಿಮೂರು ವರ್ಷದ ನಂತರ. ಅದೂ ಅದನ್ನು ಮುಚ್ಚಿಸುವ ಟಿಪ್ಪಣಿ ಬರೆಯಲು.

ಟ್ರಸ್ಟ್‌ನ ಕಾರ್ಯದರ್ಶಿ ಅಪ್ಪಾಸಾಹೇಬ ಖೋತರು ನನ್ನನ್ನು ಕರೆದು ಹೇಳಿದ್ದು ಇಷ್ಟೇ: "ಇನಾಮದಾರ, ಬಟ್ಟಿ ಒಗಿಯೂದು ಆಸ್ಪತ್ರಿ ಕೆಲಸ ಏನೋ? ಹೊರಗಿನ ಕಂಪನಿಯವ್ರು ಕಿಲೋಕ್ಕ ಇಪ್ಪತ್ತಾರು ರೂಪಾಯಿ ಅಂತಾರ. ನಮಗ ಮೂವತ್ತೆಂಟು ಬೀಳ್ತದ. ಹೊರಗುತ್ತಿಗಿ ಕೊಡೂದೋ, ನಾವ ಮಾಡೂದೋ, ಎರಡೂ ಬದಿ ತೂಗಿ ಬರಿ. ಮುಂದಿನ ತಿಂಗಳ ಸಭಾದಾಗ ಇಡೂಣು."

ಎರಡೂ ಬದಿ ಎಂದರು, ಆದರೆ ಅವರ ಮನಸ್ಸು ಯಾವ ಬದಿಗಿದೆಯೆಂದು ಗೊತ್ತಾಗಲು ಜಾಣತನ ಬೇಕಿರಲಿಲ್ಲ. ನನ್ನ ಮನಸ್ಸೂ ಅಲ್ಲೇ ಇತ್ತು. ಲಾಂಡ್ರಿ ಮುಚ್ಚಿದರೆ ಹನ್ನೊಂದು ಹೆಂಗಸರ ಕೆಲಸ ಹೋಗುತ್ತದೆ ಎಂಬುದನ್ನು ನಾನು ಟಿಪ್ಪಣಿಯ ಕೊನೆಯ ಪುಟದಲ್ಲಿ, 'ಇತರೆ' ಎಂಬ ತಲೆಬರಹದ ಕೆಳಗೆ ಹಾಕಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಹನ್ನೊಂದು ಜನರ ಮುಖ್ಯಸ್ಥೆ ಶೇವಂತಾ; ಮರಾಠಿ ರೂಢಿಯಂತೆ ಎಲ್ಲರೂ ಅವಳನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಐವತ್ತೆರಡು ವರ್ಷ, ಗಿಡ್ಡ ಆಳು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದರೆ ಸಂಜೆಯವರೆಗೆ ಬಿಚ್ಚುತ್ತಿರಲಿಲ್ಲ. ಗಂಡ ತೀರಿಕೊಂಡ ವರ್ಷ ದಿನಗೂಲಿಗೆಂದು ಬಂದವಳು, ಇಪ್ಪತ್ತಾರು ವರ್ಷದಿಂದ ಇಲ್ಲೇ ಇದ್ದಳು. ನಾನು ನೋಟ್‌ಬುಕ್ ಹಿಡಿದು ಹೋದಾಗ ಕುರ್ಚಿ ಒರೆಸಿ ಕೊಟ್ಟಳು, ಒಂದು ಮುಷ್ಟಿ ಭಡಂಗ್ ಚುರುಮುರಿ ಮುಂದಿಟ್ಟಳು.

"ಬರ್ರಿ ಲೆಕ್ಕದ ಸಾಹೇಬ್ರ. ನಮ್ಮನ್ನ ತೂಕಕ್ಕ ಹಚ್ಚಾಕ ಬಂದೀರಂತ?"

ಸುದ್ದಿ ಅವಳಿಗೆ ಮುಟ್ಟಿತ್ತು. ನಾನು ತಡವರಿಸಿ, "ಹಂಗಲ್ಲ ಮೌಶಿ, ಬರೇ ಮಾಹಿತಿ" ಎಂದೆ.

"ಇರಲಿ ಬಿಡ್ರಿ. ಕೇಳ್ರಿ, ಹೇಳ್ತೀನಿ. ಸುಳ್ಳು ಮಾತ್ರ ಹೇಳೂದಿಲ್ಲ."

ಸುಳ್ಳು ಹೇಳಲೂ ಇಲ್ಲ. ಒಗೆದ ಬಟ್ಟೆಯಲ್ಲಿ ಎಷ್ಟು ಮತ್ತೆ ಒಗೆಯುತ್ತೀರಿ ಎಂದು ಕೇಳಿದೆ. "ನೂರಕ್ಕ ಹನ್ನೆರಡು" ಎಂದಳು. "ನೀರು ಗಡಸು ಅದ. ನೀರು ಮೆದು ಮಾಡೂ ಯಂತ್ರ ಕೆಟ್ಟು ಎರಡು ವರ್ಷ ಆತು. ಬರಕೋರಿ." ಅದು ಯಾವ ದಾಖಲೆಯಲ್ಲೂ ಇರಲಿಲ್ಲ, ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುತ್ತಿದ್ದಾಳಲ್ಲ ಎಂದುಕೊಂಡು ಬರೆದುಕೊಂಡೆ.

ಟಿಪ್ಪಣಿಗೆ ಪುರಾವೆ ಬೇಕಲ್ಲ. ಜನರಲ್ ವಾರ್ಡಿನ ಇನ್ನೂರು ಹೊಸ ಹಾಸುಬಟ್ಟೆಗಳನ್ನು ಎರಡು ವಾರ ಆ ಕಂಪನಿಗೆ ಕಳಿಸಿ ನೋಡಿದೆವು. ಹೇಳಿದ ಹೊತ್ತಿಗೆ ಬಂದವು, ಇಸ್ತ್ರಿಯಾಗಿ, ಹಾಲಿನ ಹಾಗೆ ಬೆಳ್ಳಗೆ. ಎಣಿಸಿದೆ, ಸರಿಯಾಗಿ ಇನ್ನೂರು. 'ಕಳೆದುಹೋದದ್ದು: ಇಲ್ಲ' ಎಂದು ಬರೆದು ಮೀಸೆ ತಿರುವಿದೆ.

ಮರುದಿನ ಮೌಶಿ ನನ್ನ ಮೇಜಿನ ಮುಂದೆ ನಿಂತಿದ್ದಳು. "ಸಾಹೇಬ್ರ, ನಿಮ್ಮ ಎಣಿಕಿ ಬರೋಬ್ಬರಿ ಅದ. ಬಟ್ಟಿ ಮಾತ್ರ ನಮ್ಮವಲ್ಲ."

ಅವಳದೊಂದು ಪದ್ಧತಿಯಿತ್ತು. ಆಯಾ ವರ್ಷ ಕೊಂಡ ಎಲ್ಲ ಹಾಸುಬಟ್ಟೆಗಳ ಒಂದು ಮೂಲೆಗೆ ಒಂದೇ ಬಣ್ಣದ ದಾರದಲ್ಲಿ ಐದು ಅಡ್ಡಹೊಲಿಗೆ ಹಾಕುತ್ತಿದ್ದಳು. ಪ್ರತಿ ವರ್ಷಕ್ಕೆ ಒಂದು ಬಣ್ಣ. ಮೂಲೆ ನೋಡಿದರೆ ಬಟ್ಟೆಗೆ ಎಷ್ಟು ವಯಸ್ಸೆಂದು ಗೊತ್ತಾಗುತ್ತಿತ್ತು. ವಯಸ್ಸಾದದ್ದನ್ನು ಕತ್ತರಿಸಿ ಕೂಸುಗಳ ಲಂಗೋಟಿ ಮಾಡುತ್ತಿದ್ದಳು. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ, ಇದಕ್ಕೆ ಸಂಬಳವೂ ಇರಲಿಲ್ಲ. ಕಳಿಸಿದ ಇನ್ನೂರಕ್ಕೂ ನೀಲಿ ದಾರವಿತ್ತು. ಬಂದವುಗಳಲ್ಲಿ ಮೂವತ್ತೇಳಕ್ಕೆ ದಾರವೇ ಇರಲಿಲ್ಲ.

ಖೋತ ಸಾಹೇಬರ ಮುಂದೆ ಹೋದೆವು. ಅವರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಶೇವಂತಾಬಾಯಿ, ಸಿಟ್ಟಾಗಬ್ಯಾಡ. ಕೆಲಸ ಉಳಿಸ್ಕೊಳ್ಳಾಕ ದಾರ ನೀನ ಕಿತ್ತಿಲ್ಲ ಅಂತ ಹೆಂಗ ನಂಬಲಿ?"

ಅವಳ ಮುಖ ಕಪ್ಪಿಟ್ಟಿತು. ನನಗೂ ಅವಳು ಬಂದು ಹೇಳಿದಾಗಿನಿಂದ ಅದೇ ಅನುಮಾನವಿತ್ತು, ಆದ್ದರಿಂದ ಇಬ್ಬರ ಪರವಾಗಿ ನಾಚಿಕೆಪಟ್ಟೆ. ಮೌಶಿ ಲಾಂಡ್ರಿಗೆ ಹೋದಳು. ನೀಲಿ ದಾರದ ಒಂದು ಹಾಸುಬಟ್ಟೆ ತಂದು, ಬ್ಲೇಡಿನಿಂದ ಹೊಲಿಗೆ ಬಿಡಿಸಿ, ಮೂಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸೂಜಿ ಹೋದ ತೂತುಗಳು ಸಾಲಾಗಿ ಕಂಡವು.

"ದಾರ ಕೀಳಬಹುದು ಸಾಹೇಬ್ರ, ತೂತು ಎಲ್ಲಿ ಹೋಗ್ತದ? ಈಗ ಆ ಮೂವತ್ತೇಳೂ ನೀವ ನೋಡ್ರಿ."

ನೋಡಿದೆವು. ನಾಲ್ಕೂ ಮೂಲೆ. ಒಂದರಲ್ಲೂ ತೂತಿರಲಿಲ್ಲ, ಬಟ್ಟೆ ಮಾತ್ರ ಸವೆದು ಜಾಳಾಗಿತ್ತು.

ನನಗೆ ಆಗ ಮಾತು ಬಂತು. "ಸಾಹೇಬ್ರ, ನೂರಕ್ಕ ಹನ್ನೆರಡು ಮತ್ತ ಒಗೀತೀವಿ ಅಂತ ನನಗ ಹೇಳಿದಾಕಿ ಇಕಿನ. ಸುಳ್ಳು ಹೇಳಾಕಿ ಆಗಿದ್ರ ಅಲ್ಲೇ ಹೇಳ್ತಿದ್ಲು."

ಖೋತರು ಅಲ್ಲಿಂದಲೇ ಕಂಪನಿಗೆ ಫೋನ್ ಮಾಡಿದರು. ಆ ಮನುಷ್ಯ ಏನೂ ಮುಚ್ಚಿಡಲಿಲ್ಲ. ಐದಾರು ಆಸ್ಪತ್ರೆಯ ಬಟ್ಟೆ ಒಟ್ಟಿಗೇ ಒಗೆಯುತ್ತೇವೆ, ಎಣಿಸಿ ಅಷ್ಟೇ ವಾಪಸು ಕೊಡುತ್ತೇವೆ, ಇಪ್ಪತ್ತಾರು ರೂಪಾಯಿ ಅದರ ದರ. ನಿಮ್ಮದನ್ನೇ ಬೇರೆ ಒಗೆಯಬೇಕಾದರೆ ದರ ಬೇರೆ ಎಂದ. ಬೇರೆ ದರ ಮೂವತ್ತನಾಲ್ಕು. ನಾನು ಅದನ್ನು ಕೇಳಿಯೇ ಇರಲಿಲ್ಲ.

ನಾನು ಟಿಪ್ಪಣಿಯನ್ನು ಹರಿದು ಮೊದಲಿನಿಂದ ಬರೆದೆ, ಈ ಸಲ ಲಾಂಡ್ರಿಯಲ್ಲೇ ಕೂತು. ಆಗ ಒಂದೊಂದೇ ಹೊರಬಂತು. ಅವರು ತೂಗುವುದು ಹಸಿ, ಹೊಲಸು ಬಟ್ಟೆಯನ್ನು, ನಾವು ತೂಗುವುದು ಒಗೆದು ಒಣಗಿದ್ದನ್ನು; ಒಂದೇ ಗಂಟಿಗೆ ಅವರ ಕಿಲೋ ಹೆಚ್ಚು. ಬಟ್ಟೆ ಹೊರಗೆ ಹೋಗಿ ಬರಲು ಒಂದೂವರೆ ದಿನ, ಆದ್ದರಿಂದ ಹಾಸಿಗೆಗೆ ಮೂರು ಜೊತೆ ಇದ್ದಲ್ಲಿ ಐದು ಬೇಕು. ಲಾಂಡ್ರಿ ಮುಚ್ಚಿದರೂ ಬಾಯ್ಲರ್ ನಿಲ್ಲದು, ಅಡುಗೆಮನೆಗೂ ಆಪರೇಷನ್ ಉಪಕರಣ ಶುದ್ಧಿಗೂ ಅದೇ ಹಬೆ. ಆ ಖರ್ಚು ಉಳಿಯುತ್ತದೆಂದು ನಾನು ಬರೆದದ್ದು ಬರೀ ತಪ್ಪು. ಎಲ್ಲಕ್ಕಿಂತ ದೊಡ್ಡದು, ಯಂತ್ರ ಮಾರಿ ಜನರನ್ನು ಕಳಿಸಿದ ಮೇಲೆ ಕಂಪನಿ ಕೈಕೊಟ್ಟರೆ ನಾವು ಹಿಂದಿರುಗುವ ದಾರಿಯೇ ಇರುವುದಿಲ್ಲ. ನಮ್ಮ ಹುಳುಕನ್ನೂ ಬಿಡಲಿಲ್ಲ: ಗಡಸು ನೀರು, ಮತ್ತೆ ಒಗೆಯುವ ಹನ್ನೆರಡು, ಹಬ್ಬದ ವಾರ ಬಾಕಿ ಬೀಳುವ ಗಂಟುಗಳು. 'ಇತರೆ' ಎಂಬ ತಲೆಬರಹ ಹೊಡೆದುಹಾಕಿ ಹನ್ನೊಂದು ಜನರನ್ನು ಮೊದಲ ಪುಟಕ್ಕೆ ತಂದೆ.

ಸಭೆ ಎರಡು ಗಂಟೆ ನಡೆಯಿತು. ಕೊನೆಗೆ ತೀರ್ಮಾನವಾದದ್ದು ಇದು: ನರ್ಸುಗಳ ಹಾಸ್ಟೆಲು ಮತ್ತು ಸ್ಪೆಶಲ್ ರೂಮಿನ ಬಟ್ಟೆ ಬೇರೆ ಒಗೆಯುವ ಕರಾರಿನ ಮೇಲೆ ಮೂರು ತಿಂಗಳು ಹೊರಗೆ. ಆಪರೇಷನ್, ಸುಟ್ಟಗಾಯ, ಎಳೆಗೂಸುಗಳ ವಾರ್ಡು ಎಲ್ಲ ಒಳಗೇ. ನೀರಿನ ಯಂತ್ರ ರಿಪೇರಿ. ಯಂತ್ರ ಮಾರುವುದಿಲ್ಲ, ಯಾರನ್ನೂ ತೆಗೆಯುವುದಿಲ್ಲ. ಹೊರಗಿನಿಂದ ಬರುವ ಪ್ರತಿ ಗಂಟನ್ನು ಶೇವಂತಾಬಾಯಿ ನೋಡಿ ಸಹಿ ಹಾಕಿದರಷ್ಟೇ ಬಿಲ್ಲಿನ ಹಣ. ಕೊನೆಯದನ್ನು ಸೇರಿಸಿದವರು ಖೋತರೇ, ತಲೆ ತಗ್ಗಿಸಿಕೊಂಡು.

ಓಡಿಹೋಗಿ ಹೇಳಿದೆ. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಕ್ಕರು, ಒಂದಿಬ್ಬರು ಅತ್ತರು. ಮೌಶಿ ಕೇಳಿದ್ದು ಒಂದೇ: "ಹನ್ನೆರಡು ಅಂತ ಬರದೀರಿಲ್ಲೋ? ಅಳಿಸಿಲ್ಲಲ್ಲ?"

"ಇಲ್ಲ ಮೌಶಿ. ಅದಕ್ಕ ಯಂತ್ರ ರಿಪೇರಿ ಆಗಾಕತ್ತೇತಿ."

ಅವಳು ಕಪಾಟಿನಿಂದ ಒಂದು ಬಿಸ್ಕೀಟ್ ಡಬ್ಬಿ ತೆಗೆದು ನನ್ನ ಮುಂದೆ ಮುಚ್ಚಳ ಬಿಚ್ಚಿದಳು. ಒಳಗೆ ದಾರದ ಉಂಡೆಗಳು. ಇಪ್ಪತ್ತಾರು ವರ್ಷ ಬಣ್ಣವನ್ನು ಅವಳೊಬ್ಬಳೇ ಆರಿಸಿದ್ದಳು, ಯಾರನ್ನೂ ಮುಟ್ಟಗೊಟ್ಟಿರಲಿಲ್ಲ.

"ಮುಂದಿನ ವರ್ಷದ ಬಣ್ಣ ನೀವ ಹೇಳ್ರಿ, ಸಾಹೇಬ್ರ."

ಮುಚ್ಚುವ ಸುದ್ದಿ ಹಬ್ಬಿದಾಗಿನಿಂದ ಆ ಕೋಣೆಯಲ್ಲಿ ಯಾರೂ ಮುಂದಿನ ವರ್ಷದ ಮಾತೆತ್ತಿರಲಿಲ್ಲ. ನನ್ನ ಕಣ್ಣು ಮಂಜಾಯಿತು, ಬಣ್ಣಗಳೆಲ್ಲ ಕಲಸಿಹೋದವು. ಕೈಗೆ ಸಿಕ್ಕಿದ್ದನ್ನು ಎತ್ತಿ ಕೊಟ್ಟೆ. ಅದು ಹಸಿರು.