ಸದ್ದು ಮಾಡಬಾರದ ಪೆಟ್ಟಿಗೆ

ನಮ್ಮತ್ತೆ ಅಂಜನಾಬಾಯಿ ಭಾಲ್ಕಿ ಬಸ್ ನಿಲ್ದಾಣದ ಗೋಡೆಯ ನೆರಳಲ್ಲಿ ಗಡಿಗೆ ಮಾರಿಯೇ ಮಗನನ್ನು ಓದಿಸಿದವರು. ಗಿರಾಕಿ ಗಡಿಗೆ ಎತ್ತಿಕೊಂಡರೆ ಕಸಿದುಕೊಂಡು, ಕಿವಿಯ ಹತ್ತಿರ ಹಿಡಿದು, ಬೆಳ್ಳಿ ಉಂಗುರದಿಂದ ಮೂರು ಸಲ ಬಡಿಯುತ್ತಿದ್ದರು. ಟಿಣ್, ಟಿಣ್, ಟಿಣ್. ಸದ್ದು ಖಣಖಣ ಅಂದರೆ ಕೊಡುತ್ತಿದ್ದರು. ದಬ್ ಅಂದರೆ ಒಳಗೆ ಬಿರುಕು, ಗಿರಾಕಿ ಕಾಲಿಗೆ ಬಿದ್ದರೂ ಕೊಡುತ್ತಿರಲಿಲ್ಲ.

"ಮಾತು ಆಡಿದರ ಹೋಯ್ತು, ಮುತ್ತು ಒಡದರ ಹೋಯ್ತು" ಅನ್ನುತ್ತಿದ್ದರು. ಗಿರಾಕಿಗೆ ಕೊಟ್ಟ ಮಾತು ಅವರಿಗೆ ಮುತ್ತಿಗಿಂತ ದೊಡ್ಡದು. ಅಬ್ಬಾ, ಆ ಹಟ! ನನಗೂ ಅವರಿಗೂ ಅದೇ ವಿಷಯಕ್ಕೆ ವಾರಕ್ಕೊಂದು ಜಗಳ.

ಗಡಿಗೆಗಳನ್ನು ಮೊಬೈಲಿನಲ್ಲಿ ಮಾರಾಟಕ್ಕೆ ಹಾಕಿದವಳು ನಾನು, ಸೊಸೆ ಸುಮನ. ಭಾತಂಬ್ರಾದ ಕುಂಬಾರ ಹಣಮಂತ ಮಾಡಿಕೊಡುತ್ತಿದ್ದ, ನಾನು ಫೋಟೋ ಹಾಕಿ ಬರೆಯುತ್ತಿದ್ದೆ. ಬರೀ ಮಣ್ಣಿನದಾದರೆ, 'ಮೊದಲು ನೀರಿನಲ್ಲಿ ನೆನೆಸಿ, ಮೈಕ್ರೋವೇವ್‌ಗೆ ಬೇಡ.' ಹೊಳಪಿನ ಲೇಪದ ಬಟ್ಟಲಾದರೆ, 'ಸೀಸವಿಲ್ಲ, ಊಟಕ್ಕೆ ಯೋಗ್ಯ, ಮೈಕ್ರೋವೇವ್‌ನಲ್ಲಿ ಇಡಬಹುದು.' ಎಲ್ಲದರ ಕೆಳಗೂ ಒಂದೇ ಸಾಲು: 'ಪ್ರತಿಯೊಂದನ್ನೂ ಬಡಿದು ನೋಡಿ ಕಳಿಸುತ್ತೇವೆ. ಪೆಟ್ಟಿಗೆ ಅಲುಗಾಡಿಸಿದರೆ ಸದ್ದು ಬರುವುದಿಲ್ಲ, ಒಡೆದರೆ ಬದಲಿ ಕೊಡುತ್ತೇವೆ.'

ಕಡೆಯ ಸಲ ಹಣಮಂತ ಲೇಪದ ಬಟ್ಟಲುಗಳನ್ನು ಭಟ್ಟಿಯ ಬಿಸಿ ಆರುವ ಮೊದಲೇ ತಂದುಕೊಟ್ಟ. ಅತ್ತೆಗೆ ಜ್ವರ. ಮಲಗಿದಲ್ಲೇ ಒಂದೊಂದನ್ನೂ ಬಡಿದರು.

"ಎಲ್ಲಾ ಚಲೋ ಅವ. ಕಳಸು," ಅಂದರು. ಅದೇ ವಾರ ತೀರಿಕೊಂಡರು.

ದುಃಖದಲ್ಲೇ ಪ್ಯಾಕು ಮಾಡಿದೆವು. ಒಳಗೆ ಕಾಗದ ತುರುಕಿ, ಗುಳ್ಳೆಗಳ ಪ್ಲಾಸ್ಟಿಕ್ ಹಾಳೆ ಸುತ್ತಿ, ಪೆಟ್ಟಿಗೆಯೊಳಗೆ ಪೆಟ್ಟಿಗೆ. ಒಂದು ಲೇಪದ ಬಟ್ಟಲು ಕೊಂಡಿದ್ದ ಮಹಾಮಾಯಾ ಎಂಬಾಕೆ ಬೀದರಿನಿಂದ ಫೋನು ಮಾಡಿದಳು.

"ಅಕ್ಕಾ, ನನ್ನ ಕೂಸು ಈಗ ಉಣ್ಣಾಕ ಸುರು ಮಾಡ್ಯಾದ. ಅದರಾಗ ಗಂಜಿ ಬಿಸಿ ಮಾಡಬಹುದೇನ್ರಿ?"

"ಮಾಡ್ರಿ, ನಮ್ಮತ್ತಿನೇ ಬಡದು ನೋಡ್ಯಾರ," ಅಂದೆ.

ಅಂದು ದೀಪ ಹಚ್ಚುವ ಹೊತ್ತಿಗೆ ಪೆಟ್ಟಿಗೆಗಳ ಕೋಣೆಯಿಂದ ಟಿಣ್ ಅಂತ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಮತ್ತೊಂದು ಮೂಲೆಯಿಂದ. ಕೋಣೆಯಲ್ಲಿ ಯಾರೂ ಇಲ್ಲ.

"ಇಲಿ ಇದ್ದೀತು," ಅಂದ ಗಂಡ ಮಚ್ಛೇಂದ್ರ. ಆದರೆ ಕೋಣೆಯೊಳಗೆ ಕಾಲಿಡಲಿಲ್ಲ.

"ಇಲಿ ಉಂಗುರ ಹಾಕ್ಕೊಂಡು ಬರ್ತದೇನ್ರಿ?" ಅಂದೆ.

ಮರುದಿನ ಹಣಮಂತನಿಗೆ ಫೋನು ಹಚ್ಚಿದೆ. ಕೇಳಿದ್ದೇ ಅವನು ಅಯ್ಯೋ ಅಂದ. "ಲೇಪ ಮಣ್ಣಿಗಿ ಹೊಂದಿಲ್ಲ ವೈನಿ. ಆರಿದ ಮ್ಯಾಲೂ ದಿನಾ ಸೀಳ್ತಾ ಇರ್ತದ, ಅದರ ಸದ್ದು ಅದು." ಪೆಟ್ಟಿಗೆ ಬಿಚ್ಚಿ ಬಟ್ಟಲುಗಳೊಳಗೆ ಶಾಯಿ ಹಚ್ಚಿ ಒರೆಸಿದೆ. ಸಣ್ಣ ಬಲೆಯಂಥ ಗೆರೆಗಳು ಎದ್ದು ಬಂದವು. ಅಲ್ಲಿ ಊಟದ ಜಿಡ್ಡು ಕೂರುತ್ತದೆ, ನೀರು ಇಂಗುತ್ತದೆ. ಮೈಕ್ರೋವೇವ್‌ನಲ್ಲಿಟ್ಟರೆ ಕಾದು ಸಿಡಿಯಲೂಬಹುದು. ಅತ್ತೆ ಬಡಿದಾಗ ಗೆರೆ ಇನ್ನೂ ಹುಟ್ಟಿರಲಿಲ್ಲ, ಪಾಪ.

ಗೆರೆ ಬಾರದ್ದು ಒಂದೇ ಬಟ್ಟಲು, ಮಹಾಮಾಯಾಳದು. ಅದಿಟ್ಟಿದ್ದ ಕಡೆಯಿಂದ ಸದ್ದೂ ಬಂದಿರಲಿಲ್ಲ.

"ಇದನ್ನರ ಕಳಸು. ಎಲ್ಲಾ ರದ್ದು ಮಾಡಿದರ ನಮ್ಮ ಹೆಸರು ಹೋಗ್ತದ," ಅಂದ ಮಚ್ಛೇಂದ್ರ. ನನಗೂ ಸರಿ ಅನಿಸಿತು. ಮತ್ತೆ ಪ್ಯಾಕು ಮಾಡಿ, ಅಲುಗಾಡಿಸಿ ನೋಡಿದೆ. ಸದ್ದಿಲ್ಲ.

ಸಂಜೆ ಕೊರಿಯರ್‌ನವ ಬಂದ. ಪೆಟ್ಟಿಗೆ ಎತ್ತಿಕೊಂಡು ಹೊಸ್ತಿಲಲ್ಲಿ ನಿಂತ.

ಟಿಣ್, ಟಿಣ್, ಟಿಣ್.

"ಒಳಗ ಗಡಿಯಾರ ಇಟ್ಟೀರೇನ್ರಿ?" ಅಂದ ಅವನು.

ಲೇಪ ಸೀಳುವಾಗ ಒಂದು ಈಗ ಬಂದರೆ ಇನ್ನೊಂದು ಯಾವಾಗಲೋ. ಒಂದರ ಹಿಂದೆ ಒಂದು, ಅಳೆದಂತೆ ಮೂರು ಬರುವುದಿಲ್ಲ. ಅವನ ಕೈಯಿಂದ ಪೆಟ್ಟಿಗೆ ಕಸಿದುಕೊಂಡೆ. ಟೇಪು ಹರಿದು, ಕಪಾಟಿನಲ್ಲಿದ್ದ ಅತ್ತೆಯ ಉಂಗುರ ತಂದು, ಬಟ್ಟಲನ್ನು ಕಿವಿಗೆ ಹಿಡಿದು ಬಡಿದೆ.

ದಬ್.

ತಿರುಗಿಸಿ ನೋಡಿದರೆ, ಲೇಪವಿಲ್ಲದ ತಳದಲ್ಲಿ ಕೂದಲಿನಂಥ ಬಿರುಕು. ನಾನು ಶಾಯಿ ಹಚ್ಚಿದ್ದು ಒಳಗೆ ಮಾತ್ರ.

ಅಲ್ಲೇ ಕುಳಿತು ಮಹಾಮಾಯಾಳಿಗೆ ಫೋನು ಮಾಡಿದೆ. "ತಂಗಿ, ಬಟ್ಟಲ ಬರಲ್ಲ. ಕೂಸಿಗಿ ಅದು ಬ್ಯಾಡ. ರೊಕ್ಕ ವಾಪಸ್ ಹಾಕ್ತೇನಿ." ಆಮೇಲೆ ಲೇಪದ ಬಟ್ಟಲನ್ನೆಲ್ಲ ಮಾರಾಟದಿಂದ ತೆಗೆದೆ. ಮಚ್ಛೇಂದ್ರ ತಾಯಿಯ ಫೋಟೋದ ಮುಂದೆ ತಲೆ ತಗ್ಗಿಸಿ ನಿಂತಿದ್ದ.

"ಕೇಳಿಸ್ತು ಅತ್ತಿ. ಮಾತು ಹೋಗಗೊಡಲಿಲ್ಲರಿ," ಅಂದೆ ಪೆಟ್ಟಿಗೆಗಳ ಕೋಣೆಯತ್ತ ತಿರುಗಿ.

ಅಂದಿನಿಂದ ಆ ಕೋಣೆ ತಣ್ಣಗಿದೆ. ಈಗ ಬರೀ ಮಣ್ಣಿನದನ್ನೇ ಕಳಿಸುತ್ತೇವೆ, ಉಂಗುರ ನನ್ನ ಬೆರಳಲ್ಲಿದೆ. ಪ್ರತಿ ಪೆಟ್ಟಿಗೆಯನ್ನೂ ಕಿವಿಗೆ ಹಿಡಿದು ಅಲುಗಾಡಿಸುತ್ತೇನೆ. ಸದ್ದು ಬರುವುದಿಲ್ಲ. ಗಿರಾಕಿಗೆ ನಾನು ಕೊಟ್ಟ ಭರವಸೆಯೂ ಅದೇ. ಆದರೂ ಆ ಟಿಣ್ ಕೇಳದೆ ಪ್ರತಿ ಸಲ ಕಣ್ಣಲ್ಲಿ ನೀರು ಬರುತ್ತದೆ.